ಠರಾವು ಓದಿದ ಟೀಚರಮ್ಮ

ದೇವಸಮುದ್ರದಾಚೆಯ ಹಳ್ಳಿಯೊಂದಕ್ಕೆ ಕನ್ನಡ ಟೀಚರಾಗಿ ಬಂದ ವರ್ಷವೇ ಇರ್ಫಾನಾಳಿಗೆ ಚಂದ್ರಶೇಖರ್ ಮತ್ತೆ ಎದುರಾದ. ಆತ ಈಗ ಪಂಚಾಯ್ತಿ ಅಧ್ಯಕ್ಷ. ಅವಳ ಪಾಲಿಗೆ ಮಾತ್ರ ಇನ್ನೂ ಚಳ್ಳಕೆರೆಯ ಭಾಷಣ ಸ್ಪರ್ಧೆಯ ತೀರ್ಪುಗಾರನೇ. ಅಂದು ಶಾಲಾ ಹುಡುಗಿಯಾಗಿದ್ದ ಅವಳು ಗಾಬರಿಯಲ್ಲಿ ಒಂದೇ ಓಟಕ್ಕೆ ಮಾತಾಡಿ, ವಾಕ್ಯದ ನಡುವೆ ಎಲ್ಲೆಂದರಲ್ಲಿ ಏದುಸಿರು ಬಿಟ್ಟಿದ್ದಳು. ಆತ ಅದನ್ನು ಮೈಕಿನಲ್ಲೇ ಅಣಕಿಸಿ, "ಮನೇಲಿ ಉರ್ದು ಮಾತಾಡೋರಿಗೆ ಕನ್ನಡ ಯಾಕವ್ವ?" ಎಂದಿದ್ದ. ಗ್ಯಾರೇಜು ಬಿಟ್ಟು ಕೇಳಲು ಬಂದಿದ್ದ ಅಪ್ಪ ತಲೆ ತಗ್ಗಿಸಿ ಹೊರನಡೆದದ್ದನ್ನು ಅವಳು ಮರೆಯಲಿಲ್ಲ.

ಆ ಸಿಟ್ಟಿನಲ್ಲೇ ನಾಲ್ಕು ಜನರ ಮುಂದೆ ಓದುವುದನ್ನು ಕಲಿತಳು. ಉಸಿರು ಮುಗಿದಲ್ಲಲ್ಲ, ವಿಚಾರ ಒಂದು ಹಂತ ಮುಟ್ಟಿದಲ್ಲಿ ನಿಲ್ಲಬೇಕು. ಒಟ್ಟಿಗಿರಬೇಕಾದ ಪದಗಳನ್ನು ಬಿಡಿಸಬಾರದು. ಈಗ ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲೇ ನಡೆಯಿತು. ಠರಾವು ಓದಬೇಕಿದ್ದ ಕಾರ್ಯದರ್ಶಿಗೆ ಗಂಟಲು ಕಟ್ಟಿತ್ತು. ಚಂದ್ರಶೇಖರ್ ಅವಳ ಗುರುತೇ ಹಿಡಿಯದೆ ಠರಾವಿನ ಹಾಳೆ ಕೊಟ್ಟ.

"ಗಡಗಡ ಓದ್ಬಿಡಿ ಟೀಚರ್. ಎಲ್ಲಾ ಕೈ ಎತ್ತುತಾರೆ."

ಹಾಳೆಯ ತುಂಬ ಒಂದೇ ವಾಕ್ಯ. ಗಡಗಡ ಓದಿದರೆ ಯಾರಿಗೂ ತಿಳಿಯದಂಥದು. ಇಷ್ಟು ದಿನ ಕಾದದ್ದು ಕೈಗೇ ಬಂದಿತ್ತು. ನಿಲ್ಲಬೇಕಾದಲ್ಲೆಲ್ಲ ಪೆನ್ಸಿಲಿನಲ್ಲಿ ಓರೆಗೆರೆ ಎಳೆದು ಮೈಕಿನ ಮುಂದೆ ನಿಂತಳು.

"ಗ್ರಾಮದ ಅಭಿವೃದ್ಧಿಯನ್ನು ಗಮನದಲ್ಲಿರಿಸಿಕೊಂಡು..." ತುಸು ನಿಂತಳು. "ಕಾವಲಿನ ಮೂಡಣ ಭಾಗವನ್ನು..." ಊರ ಕುರಿ ದನ ಮೇಯುವ ಹುಲ್ಲುಗಾವಲಿನ ಮಾತು ಬಂದದ್ದೇ, ಮಾತಾಡಿಕೊಳ್ಳುತ್ತಿದ್ದವರು ಕಿವಿಗೊಟ್ಟರು. "ಮೂವತ್ತು ವರ್ಷ ಕಲ್ಲುಕ್ವಾರಿಗೆ ಗುತ್ತಿಗೆ ಕೊಡಲು..." ಈ ಸಲ ಇನ್ನಷ್ಟು ಹೊತ್ತು ನಿಂತಳು. ಚಂದ್ರಶೇಖರ್ ಕೈಸನ್ನೆ ಮಾಡಿ ಅವಸರಿಸಿದ. ಅವಳು ಆತನನ್ನೇ ನೋಡುತ್ತ ಮುಂದುವರಿಸಿದಳು. "ಮತ್ತು ಆ ಅವಧಿಯಲ್ಲಿ... ಅಲ್ಲಿ ಕುರಿ ದನ ಬಿಡದಂತೆ ತಡೆಯಲು... ಈ ಸಭೆ ಒಪ್ಪುತ್ತದೆ."

ಹಿಂದಿನಿಂದ ಕುರಿಗಾಹಿ ಯರ್ರಪ್ಪ ಎದ್ದ. "ಕುರಿ ಬಿಡಂಗಿಲ್ವಾ? ಮೂವತ್ತು ವರ್ಷನಾ? ಯಾವನ್ಲೇ ಒಪ್ಪಿದೋನು?"

ಅಂಗಳವೇ ಎದ್ದು ನಿಂತಿತು. ಒಂದು ಕೈಯೂ ಮೇಲೇಳಲಿಲ್ಲ. ಠರಾವು ಬಿದ್ದುಹೋಯಿತು. ಕ್ವಾರಿಯವನಿಗೆ ಮಾತು ಕೊಟ್ಟಿದ್ದ ಚಂದ್ರಶೇಖರನ ಮುಖ ಕಪ್ಪಿಟ್ಟಿತು.

"ಬೇಕಂತ್ಲೇ ಮಾಡಿದ್ರಿ!" ಎಂದು ಹಲ್ಲು ಕಡಿದ.

"ಒಂದಕ್ಷರ ಬದಲಾಯಿಸಿಲ್ಲ ಸಾರ್. ಕೇಳೋರಿಗೆ ತಿಳೀಲಿ ಅಂತ ನಡುನಡುವೆ ನಿಂತೆ. ನಾನು ಚಳ್ಳಕೆರೆ ಮೆಕಾನಿಕ್ ನೂರ್ ಅಹಮ್ಮದ್ ಮಗಳು. ಭಾಷಣ ಸ್ಪರ್ಧೇಲಿ ಅಣಕಿಸಿದ್ರಲ್ಲ, ನೆನಪೈತಾ?"

ಆತನಿಗೆ ನೆನಪಾಯಿತು. ಅವಳ ಕೈಯಿಂದ ಹಾಳೆ ಕಿತ್ತುಕೊಂಡು ತಲೆ ತಗ್ಗಿಸಿ ಹೊರನಡೆದ. ಅವಳು ಅದನ್ನು ಕಣ್ತುಂಬ ನೋಡಿದಳು.

ತಿಂಗಳು ಕಳೆಯುವುದರೊಳಗೆ ಆತ ಅವಳನ್ನು ಪರಶುರಾಂಪುರದ ಕಡೆಗೆ ವರ್ಗ ಮಾಡಿಸಿದ. ಟ್ರಂಕು ಹೊತ್ತು ಬಸ್ಸು ಹತ್ತಿದವಳಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಕಾವಲಿನ ಮೂಡಣದಲ್ಲಿ ಯರ್ರಪ್ಪನ ಕುರಿಗಳು ಮೇಯುತ್ತಿದ್ದವು. ಬಸ್ಸು ತಿರುವು ದಾಟುವವರೆಗೂ ಅವಳು ಕಿಟಕಿಯಿಂದ ಕತ್ತು ಹೊರಳಿಸಿ ನೋಡುತ್ತಲೇ ಇದ್ದಳು.