ಕಾಯ್ದಿಟ್ಟ ಹಾಸಿಗೆ

ಮೂಡಲಗಿಯಲ್ಲಿ ಗಾದಿ ಹೊಲಿಯುವ ಬಾಬಾಲಾಲ ಸಕ್ಕರೆ ಕಾಯಿಲೆಯ ಕಾಲುಗಾಯಕ್ಕೆಂದು ಗೋಕಾಕದ ಒಂದು ಖಾಸಗಿ ಆಸ್ಪತ್ರೆ ಸೇರಿದ್ದ. ಆ ದಿನ ಬೆಳಿಗ್ಗೆ ಅವನ ಬಲಗಾಲು ತಣ್ಣಗಾಗಿ ನೀಲಿಗಟ್ಟಿತು. ರಕ್ತನಾಳ ಕಟ್ಟಿದೆ, ಮಧ್ಯಾಹ್ನದೊಳಗೆ ತೆರೆಯದಿದ್ದರೆ ಕಾಲು ಉಳಿಯದು, ಇಲ್ಲಿ ಅದು ಆಗುವ ಕೆಲಸವಲ್ಲ ಎಂದು ಡಾಕ್ಟರು ಚೀಟಿ ಬರೆದು, ಹುಕ್ಕೇರಿ ತಾಲೂಕಿನ ಹೆದ್ದಾರಿ ಬದಿಯ ದೊಡ್ಡ ಆಸ್ಪತ್ರೆಗೆ ಅಟ್ಟಿದರು. ಅಂಬುಲೆನ್ಸಿನಲ್ಲಿ ಜೊತೆಗೆ ಕುಳಿತವಳು ಮಗಳು ಫರೀನ. ಅವಳ ಕಚೇರಿಯ ವಿಮೆಯಲ್ಲಿ ತಂದೆತಾಯಿಯ ಹೆಸರೂ ಇತ್ತು.

"ಹೆದರಬ್ಯಾಡಪ್ಪಾ. ವಿಮಾ ಕಂಪನಿ ಗೋಕಾಕದಾಗ ಒಪ್ಪಿಗಿ ಕೊಟ್ಟೈತಲ್ಲ, ಅದ ಅಲ್ಲೂ ನಡೀತೈತಿ."

"ಕಂಪನಿ ಒಪ್ಪಿದ್ರ ಏನ್ ಬಂತು, ಈ ಕಾಲ ಒಪ್ಪಬೇಕಲ್ಲ," ಎಂದು ಬಾಬಾಲಾಲ ನೋವಿನಲ್ಲೂ ಹಲ್ಲು ಕಿರಿದ.

ದೊಡ್ಡ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೂತಿದ್ದ ಸುಮನ ತಲೆ ಅಲ್ಲಾಡಿಸಿದಳು. "ಆ ಒಪ್ಪಿಗಿ ಗೋಕಾಕದ ಆಸ್ಪತ್ರಿಗೆ ಕೊಟ್ಟದ್ದು ಅಕ್ಕಾರ. ಪಾಲಿಸಿ ಒಂದ ಆದ್ರೂ ಆಸ್ಪತ್ರಿ ಬದಲಾದ್ರ ಕ್ಲೇಮ್ ಬ್ಯಾರೆ. ನಾವು ಹೊಸದಾಗಿ ಕೇಳಬೇಕು. ಒಂದ ತಾಸಿನ್ಯಾಗ ಉತ್ತರ ಕೊಡಬೇಕಂತ ನಿಯಮ ಐತಿ."

ಡಾಕ್ಟರು ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಟ್ಟರು. ನಾಳ ತೆರೆಯುವ ಕೋಣೆ ಸಜ್ಜಾಗಿತ್ತು. ಕಂಪನಿಯ ಉತ್ತರ ನಿಯಮದ ಪ್ರಕಾರವೇ ಬಂತು, ಆದರೆ ಪ್ರಶ್ನೆಯಾಗಿ: ರೋಗಿ ಇನ್ನೂ ಗೋಕಾಕದಲ್ಲಿ ದಾಖಲಾಗಿದ್ದಾರೆ, ಇಲ್ಲಿ ಹೇಗೆ? ಪಾಲಿಸಿಯ ಬಹುಪಾಲು ಮೊತ್ತ ಆ ದಾಖಲಾತಿಗೇ ತಡೆಹಿಡಿದಿದೆ. ಅಲ್ಲಿನ ಬಿಡುಗಡೆ ಸಾರಾಂಶವೂ ಅಂತಿಮ ಬಿಲ್ಲೂ ಬರಲಿ.

ಫರೀನ ಗೋಕಾಕಕ್ಕೆ ಫೋನು ಹಚ್ಚಿದಳು. ಅಲ್ಲಿನ ವಿಮಾ ಕೆಲಸದವನು ಶುಭಮ್.

"ಡಿಸ್ಚಾರ್ಜ್ ಹೆಂಗ ಮಾಡ್ಲಿ ಮೇಡಮ್? ನಿಮ್ಮವ್ವಾರು ಬೆಡ್ ಬಿಡವಲ್ರು. ಸಂಜೀಕ ನಿಮ್ಮಪ್ಪಾರು ವಾಪಸ್ ಬರ್ತಾರ, ಹಂಗ ಇರಲಿ ಅಂದ್ರು. ನಮ್ಮ ಸಾಹೇಬ್ರೂ ಇರಲಿ ಬಿಡು ಅಂದ್ರು."

ಇರಲಿ ಎನ್ನದೆ ಏನು? ಖಾಲಿ ಹಾಸಿಗೆ ಗುಳಿಗೆ ಕೇಳುವುದಿಲ್ಲ, ನರ್ಸನ್ನು ಕೂಗುವುದಿಲ್ಲ, ಬಾಡಿಗೆ ಮಾತ್ರ ದುಡಿಯುತ್ತದೆ. ಮುದುಕಿಗೆ ತಿಳಿಯದ್ದು ಸಾಹೇಬರಿಗೂ ತಿಳಿಯದೇ ಇತ್ತೇ?

ಫರೀನ ತಾಯಿಗೆ ಫೋನು ಹಚ್ಚಿದಳು. ಮೈಮುನಾಬಿ ಫೋನೆತ್ತಿದವಳೇ ಹೆಮ್ಮೆಯಿಂದ ಹೇಳಿದಳು: "ಕಲ್ಲೋಳಿಯವರು ಯಾರೋ ಎರಡ ಸಲ ಬಂದು ಜಾಗಾ ಕೇಳಿದ್ರವ್ವಾ. ನಾ ಗಾದಿ ಮ್ಯಾಲಿಂದ ಎದ್ದಿಲ್ಲ."

"ಏಳ ಅವ್ವಾ. ನೀ ಅಲ್ಲಿ ಜಾಗಾ ಬಿಟ್ರನ ಇಲ್ಲಿ ಅಪ್ಪಗ ಆಪರೇಶನ್."

ಆ ಕಡೆ ಮಂಚ ಕಿರುಗುಟ್ಟಿತು.

ಮಂಚ ಖಾಲಿಯಾದರೆ ಸಾಲದು. ಸಾರಾಂಶಕ್ಕೆ ಗೋಕಾಕದ ಡಾಕ್ಟರ ಸಹಿ ಬೇಕು. ಅವರು ಕೌಜಲಗಿಯ ತಮ್ಮ ಇನ್ನೊಂದು ದವಾಖಾನೆಗೆ ಹೋಗಿದ್ದರು. ಸಹಿಯಾದ ಮೇಲೆ ಅಂತಿಮ ಬಿಲ್ಲು, ಅದಕ್ಕೆ ಕಂಪನಿಯ ಒಪ್ಪಿಗೆ. ಅದಕ್ಕೆ ನಿಯಮ ಕೊಟ್ಟ ಗಡುವು ಮೂರು ತಾಸು.

"ಈಗ ಡಿಪಾಜಿಟ್ ಕಟ್ರಿ ಅಕ್ಕಾರ. ಬಿಲ್ ಕೊಟ್ಟು ಆಮ್ಯಾಲೆ ಕಂಪನಿ ಕಡಿಂದ ವಾಪಸ್ ತಗೋಬಹುದು," ಎಂದಳು ಸುಮನ.

"ಆಮ್ಯಾಲಿನ ರೊಕ್ಕ ಈಗ ಯಾರ ಕೊಡ್ತಾರವ್ವಾ?" ಫರೀನ ಸರ್ಜನ್‌ರ ಬಾಗಿಲು ಬಡಿದಳು. "ನಾಳ ತೆರೀರಿ ಸರ್. ನಾವು ಓಡಿ ಹೋಗೂದಿಲ್ಲ. ತುರ್ತು ಐತಿ ಅಂದ್ರ ಮೊದಲ ಚಿಕಿತ್ಸೆ ಅಂತ ಕಾನೂನು ಇಲ್ಲೇನ್ರಿ?"

"ತುರ್ತು ಇಂಜೆಕ್ಷನ್ ಕೊಟ್ಟೀವಲ್ಲಮ್ಮಾ. ಮುಂದಿನದಕ್ಕ ಆಡಳಿತದವರು ಹೂಂ ಅನ್ನಬೇಕು."

ಆಡಳಿತದವರ ಕೋಣೆಗೆ ಬೀಗ ಹಾಕಿತ್ತು; ಊಟಕ್ಕೆ ಹೋಗಿದ್ದರು. ಹಸಿದ ಹೊಟ್ಟೆಯಲ್ಲಿ ಹೂಂ ಎನ್ನಲಾಗದಷ್ಟು ದೊಡ್ಡವರು.

ಬಿಸಿಲು ಇಳಿದ ಮೇಲೆ ಗೋಕಾಕದ ಲೆಕ್ಕ ಮುಗಿಯಿತು. ಅಲ್ಲಿ ಖರ್ಚಾಗದೆ ಉಳಿದ ಮೊತ್ತ ಬಿಡುಗಡೆಯಾಯಿತು. ನಾಳ ತೆರೆಯುವುದಕ್ಕೆ ಒಪ್ಪಿಗೆ ಬಂತೆಂದು ಸುಮನ ಓಡುತ್ತ ಬಂದಳು. ಅಷ್ಟರಲ್ಲಿ ಸರ್ಜನ್ ರೋಗಿಯನ್ನು ನೋಡಿ ಹೊರಬಂದಿದ್ದರು.

"ಮಾಂಸ ಸತ್ತೈತಿ. ಈಗ ನಾಳ ತೆರೆದ್ರ ಅದರ ವಿಷ ಮೂತ್ರಪಿಂಡಕ್ಕ ಇಳೀತೈತಿ, ಜೀವಕ್ಕ ಸಂಚಕಾರ. ಮೊಣಕಾಲಿನ ಮ್ಯಾಲೆ ತೆಗೀಬೇಕು."

ಬಂದ ಒಪ್ಪಿಗೆ ನಾಳ ತೆರೆಯುವುದಕ್ಕೆ. ಕಾಲು ತೆಗೆಯುವುದಕ್ಕೆ ಕೋರಿಕೆ ತಿದ್ದಿ ಮತ್ತೆ ಕಳಿಸಬೇಕು. ಸುಮನ ಕಳಿಸಿದಳು. ಫರೀನ ನಳದಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಒಂದೂ ಪ್ರಶ್ನೆ ಇಲ್ಲ.

"ಬಂತ್ರಿ ಅಕ್ಕಾರ," ಎಂದಳು ಸುಮನ, ಕಣ್ಣೆತ್ತದೆ.

"ಉಳಸಾಕ ಹಗಲೆಲ್ಲಾ ಕೇಳಿದ್ರು," ಫರೀನಳ ದನಿ ಇಡೀ ಹಾಲಿಗೆ ಕೇಳಿಸಿತು, "ಕಡ್ಯಾಕ ಎಷ್ಟ ಲಗೂ ಹೂಂ ಅಂದ್ರು ನೋಡ್ರಿ!" ಕುರ್ಚಿಗಳಲ್ಲಿ ಕಾಯುತ್ತಿದ್ದವರು ತಿರುಗಿ ನೋಡಿ, ತಮ್ಮ ತಮ್ಮ ಫೈಲುಗಳನ್ನು ಎದೆಗೆ ಅವಚಿಕೊಂಡರು.

ಮನೆಯಿಂದ ಒಯ್ದು ಆ ಮಂಚದ ಮೇಲೆ ಹಾಸಿದ್ದ ಗಾದಿಯ ಸುರುಳಿ ಹೊತ್ತು ಮೈಮುನಾಬಿ ಬಾಗಿಲಲ್ಲಿ ಕಾಣಿಸಿದಳು. ಏದುಸಿರು.

"ಬಿಟ್ಟ ಬಂದ್ನೆವ್ವಾ. ಇನ್ನ ಆಪರೇಶನ್ ಮಾಡ್ತಾರಲ್ಲ?"

"ಮಾಡ್ತಾರವ್ವಾ," ಎಂದಳು ಫರೀನ. ಯಾವ ಆಪರೇಶನ್ ಎಂದು ಹೇಳದೆ, ತಾಯಿಯ ಗಾದಿಯ ಸುರುಳಿಯನ್ನು ಇಳಿಸಿಕೊಂಡಳು.