ಮುದ್ರೆಯ ಕೆಳಗಿನ ಸಾಲು

ಬೆಳಗ್ಗೆ ಹತ್ತು ಗಂಟೆಗೇ ಬಿಲ್ಲಮ್ಮನ ತಲೆ ಕೆಟ್ಟುಹೋಗಿತ್ತು. ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಹಳೆ ಕಬ್ಬಿಣ ಕರಗಿಸಿ ಅಚ್ಚು ಹೊಯ್ಯುವ ಆ ಕಾರ್ಖಾನೆಯಲ್ಲಿ ಎಂಟು ವರ್ಷ ಬಿಲ್ಲು ನೋಡಿದ ಮೇಲೆ ಆ ಹೆಸರು ಸಂಬಳದ ಚೀಟಿಗೆ ಮಾತ್ರ ಉಳಿದಿತ್ತು.

ತಲೆ ಕೆಡಿಸಿದ್ದು ಬಿಲ್ಲಿನ ಫೋಟೋ ಓದುವ ಹೊಸ ಸಾಫ್ಟ್‌ವೇರ್. ಗೇಟಿನಲ್ಲಿ ಫೋಟೋ ತೆಗೆದರೆ ಸಾಕು, ಅದೇ ಓದಿ ಅದೇ ತುಂಬಿಕೊಳ್ಳುತ್ತದೆ ಎಂದು ಮ್ಯಾನೇಜರ್ ಊರೆಲ್ಲ ಹೇಳಿಕೊಂಡು ಬಂದಿದ್ದರು. ಓದುತ್ತದೆ, ನಿಜ. ಓದಲಾಗದ್ದನ್ನು ಮಾತ್ರ ‘ಓದಲಾಗಲಿಲ್ಲ’ ಎಂದು ಒಪ್ಪಿಕೊಳ್ಳುವ ಮರ್ಯಾದೆ ಅದಕ್ಕಿಲ್ಲ. ಗೊತ್ತಿಲ್ಲದ ಕಡೆಯಲ್ಲೆಲ್ಲ ತಣ್ಣಗೆ ‘ಇಲ್ಲ’ ಎಂದು ತುಂಬಿ ಮುಂದಕ್ಕೆ ಹೋಗುತ್ತದೆ.

ಈಗ ಪರದೆಯ ಮೇಲೆ ಗುಜರಿ ಅಕ್ಕನ ಬಿಲ್ಲು ಕೆಂಪಗೆ ಮಿನುಗುತ್ತಿತ್ತು. ‘ಮೊತ್ತ ತಾಳೆಯಾಗುತ್ತಿಲ್ಲ.’ ಈ ತಿಂಗಳಲ್ಲಿ ಇದು ಮೂರನೆಯದು. ಮೊದಲ ಎರಡನ್ನು ಬಿಲ್ಲಮ್ಮನೇ ‘ಹೆಚ್ಚುವರಿ ಹಣ ಕೇಳಿದ್ದಾರೆ’ ಎಂದು ಬರೆದು ಮೇಲಕ್ಕೆ ಕಳಿಸಿದ್ದಳು. ಮ್ಯಾನೇಜರ್ ನಿನ್ನೆ ಅದರಲ್ಲೊಂದರ ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ದಪ್ಪಗೆ ‘ಮೋಸ’ ಎಂದು ಬರೆದು, ಗೇಟಿನ ಪಕ್ಕದ ತೂಕದ ಮನೆಯ ಕಿಟಕಿ ಗಾಜಿಗೆ ಅಂಟಿಸಿಬಿಟ್ಟರು. ಬರುವ ಹೋಗುವ ಡ್ರೈವರುಗಳೆಲ್ಲ ಓದಿದರು. ಹನ್ನೆರಡು ವರ್ಷದಿಂದ ಗುಜರಿ ಕಬ್ಬಿಣ ಕೊಡುತ್ತಿದ್ದ ಹೆಂಗಸು. ಇವತ್ತು ಅವಳ ಲಾರಿ ಗೇಟಿನ ಹೊರಗೆ ನಿಂತಿತ್ತು. ಮಧ್ಯಾಹ್ನದೊಳಗೆ ಉತ್ತರ ಸಿಗದಿದ್ದರೆ ಲಾರಿ ವಾಪಸ್, ಅಕ್ಕನ ಹೆಸರು ಪಟ್ಟಿಯಿಂದ ಹೊರಗೆ.

ಬಿಲ್ಲಮ್ಮ ಹಲ್ಲು ಕಚ್ಚಿಕೊಂಡು ಮತ್ತೆ ಕೂಡಿಸಿದಳು. ಮಾಲಿನ ಬೆಲೆ ಎರಡು ಲಕ್ಷ. ತೆರಿಗೆ ಮೂವತ್ತಾರು ಸಾವಿರ. ಅಲ್ಲಿಗೆ ಎರಡು ಲಕ್ಷದ ಮೂವತ್ತಾರು ಸಾವಿರವಾಗಬೇಕು. ಬಿಲ್ಲಿನ ಕೊನೆಯಲ್ಲಿ ಇದ್ದದ್ದು ಅದಕ್ಕಿಂತ ಎರಡು ಸಾವಿರದ ಮುನ್ನೂರ ಅರವತ್ತು ಹೆಚ್ಚು. ಹಿಂದಿನ ಎರಡು ಬಿಲ್ಲು ತೆಗೆದಳು. ಅಲ್ಲೂ ಹೆಚ್ಚು. ಆದರೆ ಮೂರರಲ್ಲೂ ಹೆಚ್ಚಿದ್ದದ್ದು ತೆರಿಗೆ ಸೇರಿದ ಮೊತ್ತದ ನೂರಕ್ಕೆ ಒಂದು, ಒಂದು ಕಾಸೂ ಆಚೀಚೆ ಇಲ್ಲ.

ಮೋಸ ಮಾಡುವವರು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆಯೇ? ಅವಳಿಗೆ ಥಟ್ಟನೆ ಹೊಳೆಯಿತು. ಗುಜರಿ ಮಾರುವವರು ಕೊಳ್ಳುವವರಿಂದ ನೂರಕ್ಕೆ ಒಂದು ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬ ಕಾನೂನೇ ಇದೆ. ಟಿ.ಸಿ.ಎಸ್. ಹಾಗಾದರೆ ಬಿಲ್ಲಿನಲ್ಲಿ ಅದರ ಸಾಲು ಇರಲೇಬೇಕು. ಫೋಟೋ ದೊಡ್ಡದು ಮಾಡಿದಳು. ಸಾಲು ಇರಬೇಕಾದ ಕಡೆ ಬದನೆಕಾಯಿ ಬಣ್ಣದ ದುಂಡನೆಯ ಮುದ್ರೆ ಕೂತಿತ್ತು. ‘ಸರಕು ಬಂದಿದೆ.’

“ಮಾವಾ!” ಎಂದು ಕುರ್ಚಿಯಿಂದೆದ್ದಳು, ಮಾವ ಗೇಟಿನಲ್ಲಿದ್ದಾನೆ ಎಂಬುದನ್ನೂ ಮರೆತು.

ಗೇಟಿನ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ಸೋದರಮಾವ. ಕೆಲಸ ಕೊಡಿಸಿದವನೂ ಅವನೇ, ಆದ್ದರಿಂದ ಬೈಯುವುದೂ ಕಷ್ಟ. ಅವನಿಗೆ ಮುದ್ರೆಯೆಂದರೆ ಪ್ರಾಣ. ದಿನಾ ಬೆಳಗ್ಗೆ ಒರೆಸಿ, ಶಾಯಿ ಹಾಕಿ, ಬಿಲ್ಲು ಬಂದ ಕೂಡಲೇ ಧಪ್ಪೆಂದು ಒತ್ತಿ, ಆಮೇಲೆ ಫೋಟೋ ತೆಗೆಯುತ್ತಿದ್ದ. ಅಸಲು ಕಾಗದ ನೇರ ಚೀಲಕ್ಕೆ ಹೋಗುತ್ತಿತ್ತು.

“ಮಾವಾ, ಮುದ್ರೆ ಎಲ್ಲಿ ಒತ್ತುತ್ತೀಯ?” ಎಂದಳು, ಗೇಟಿಗೆ ಓಡಿ ಬಂದು.

“ಕೆಳಗೆ, ಖಾಲಿ ಜಾಗ ನೋಡಿ. ಲೆಕ್ಕದ ಮೇಲೆ ಒಂದು ದಿನಾನಾದ್ರೂ ಒತ್ತಿದ್ದೀನಾ, ಹೇಳು?”

“ಅದು ಖಾಲಿ ಜಾಗ ಅಲ್ಲ ಮಾವ. ಅಕ್ಷರ ಸಣ್ಣದಾಗಿದೆ, ಅಷ್ಟೆ.”

“ಕನ್ನಡಕ ಹಾಕ್ಕೊಂಡು ಮುದ್ರೆ ಒತ್ತೋಕಾಗುತ್ತಾ? ಶಾಯಿ ಹಾರುತ್ತೆ.”

ಅವಳು ಚೀಲ ಸುರಿದು, ಅಸಲು ಬಿಲ್ಲು ಹುಡುಕಿ, ಬಿಸಿಲಿಗೆ ಹಿಡಿದಳು. ಶಾಯಿಯಡಿಯಿಂದ ಅಕ್ಷರಗಳು ಒಂದೊಂದಾಗಿ ಕಂಡವು. ‘ಗುಜರಿ ಮಾರಾಟದ ಮೇಲೆ ಟಿ.ಸಿ.ಎಸ್., ನೂರಕ್ಕೆ ಒಂದು: 2,360.’ ಅದರ ಕೆಳಗೆ, ‘ನಿಮ್ಮ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ.’

ಗುಜರಿ ಅಕ್ಕ ಆಗಲೇ ಪಕ್ಕಕ್ಕೆ ಬಂದು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖ ಕೆಂಡವಾಗಿತ್ತು.

“ಕಂಡಿತಾ ತಾಯಿ? ಈ ಮಾಲನ್ನ ನಾವು ಕರಗಿಸೋಕೆ ತಗೋತೀವಿ ಅಂತ ಹಳೇ ವರ್ಷಗಳ ಹಾಗೆ ಈ ಸಲಾನೂ ನೀವು ಒಂದು ಹೇಳಿಕೆ ಬರೆದುಕೊಟ್ಟಿದ್ರೆ ನಾನು ಆ ದುಡ್ಡು ಹಿಡಿಯೋ ಹಾಗೇ ಇರ್ಲಿಲ್ಲ. ಎರಡು ಸಲ ಫಾರಂ ಕಳಿಸಿದೆ. ನಿಮ್ಮ ಸಾಹೇಬ್ರಿಗೆ ಸಹಿ ಹಾಕೋಕೆ ಪುರುಸೊತ್ತಿಲ್ಲ, ಮೋಸ ಅಂತ ಬರೆಯೋಕೆ ಪುರುಸೊತ್ತಿದೆ.”

ಬಿಲ್ಲಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಾಹೇಬರು ಬರೆದದ್ದು ಹೌದು, ಆದರೆ ಬೊಟ್ಟು ಮಾಡಿ ತೋರಿಸಿದವಳು ತಾನು. ತಲೆ ತಗ್ಗಿಸಿ ಚದುರಿದ ಬಿಲ್ಲುಗಳನ್ನು ಕೂಡಿಸತೊಡಗಿದಾಗ ಕೈಗೆ ಲಾರಿ ಕಂಪನಿಯ ಬಾಡಿಗೆ ಬಿಲ್ಲು ಸಿಕ್ಕಿತು. ಅದರ ಮೇಲೂ ಅದೇ ಜಾಗದಲ್ಲಿ ಮುದ್ರೆ. ಸುಮ್ಮನೆ ಬಿಸಿಲಿಗೆ ಹಿಡಿದಳು.

‘ರಿವರ್ಸ್ ಚಾರ್ಜ್: ಹೌದು. ತೆರಿಗೆಯನ್ನು ಸೇವೆ ಪಡೆದವರೇ ಕಟ್ಟಬೇಕು.’

ಇನ್ನೊಂದು ಹಿಡಿದಳು. ಹೌದು. ಮತ್ತೊಂದು. ಅದೂ ಹೌದು. ಲಾರಿಯವರು ಬಿಲ್ಲಿನಲ್ಲಿ ತೆರಿಗೆ ಹಾಕಿರಲಿಲ್ಲ, ಕಾರ್ಖಾನೆಯೇ ನೇರ ಸರ್ಕಾರಕ್ಕೆ ಕಟ್ಟಬೇಕಿತ್ತು. ಸಾಫ್ಟ್‌ವೇರ್ ಮಾತ್ರ ಮುದ್ರೆ ಕಂಡು ‘ರಿವರ್ಸ್ ಚಾರ್ಜ್: ಇಲ್ಲ’ ಎಂದು ತುಂಬಿ, ಮೊತ್ತ ತಾಳೆಯಾಯಿತೆಂದು ಹಸಿರು ದೀಪ ತೋರಿಸಿತ್ತು. ಅವಳು ಹಸಿರು ಕಂಡು ‘ಒಪ್ಪಿಗೆ’ ಒತ್ತಿದ್ದಳು. ಐದು ತಿಂಗಳು, ಹದಿನಾಲ್ಕು ಬಿಲ್ಲು.

ಯಾರಿಗೂ ಗೊತ್ತಿಲ್ಲ. ಚೀಲಕ್ಕೆ ತುಂಬಿ ದಾರ ಕಟ್ಟಿದರೆ ಇವತ್ತಿಗೆ ಮುಗಿಯಿತು. ಮಾವನೂ ಬಚಾವ್, ತಾನೂ ಬಚಾವ್. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಿಟಕಿಯ ಮೇಲಿನ ಕೆಂಪಕ್ಷರ ಅವಳ ಮುಖಕ್ಕೇ ನೇರವಾಗಿತ್ತು.

ಮ್ಯಾನೇಜರ್ ಕೋಣೆಗೆ ಹೋಗಿ ಎರಡೂ ಬಗೆಯ ಬಿಲ್ಲುಗಳನ್ನು ಮೇಜಿನ ಮೇಲಿಟ್ಟಳು.

“ಸಾರ್, ಅಕ್ಕ ಕೇಳಿದ್ದು ನ್ಯಾಯವಾದ ದುಡ್ಡು. ಅದು ನಮ್ಮ ಲೆಕ್ಕಕ್ಕೇ ವಾಪಸ್ ಬರುತ್ತೆ. ಈ ಹದಿನಾಲ್ಕರಲ್ಲಿ ನಾವೇ ತೆರಿಗೆ ಕಟ್ಟಬೇಕಿತ್ತು, ಕಟ್ಟಿಲ್ಲ. ಕಟ್ಟಿದ್ದನ್ನ ಆಮೇಲೆ ಮುಂದಿನ ತೆರಿಗೇಲಿ ಕ್ರೆಡಿಟ್ ಅಂತ ವಜಾ ಮಾಡ್ಕೋಬಹುದು, ತಡವಾಗಿದ್ದಕ್ಕೆ ಹಾಕೋ ಬಡ್ಡಿ ಮಾತ್ರ ನಮ್ಮ ಕೈಯಿಂದಲೇ. ಒಪ್ಪಿಗೆ ಕೊಟ್ಟವಳು ನಾನು.”

ಮ್ಯಾನೇಜರ್ ಒಂದೊಂದೇ ಬಿಲ್ಲನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಕೊನೆಗೆ, “ಲಾರಿ ಒಳಗೆ ಬಿಡಿ. ಇವತ್ತೇ ತೆರಿಗೆ ಕಟ್ಟೋ ವ್ಯವಸ್ಥೆ ಮಾಡಿ. ಆ ಫಾರಂ ಎಲ್ಲಿದೆ, ಕೊಡಿ,” ಎಂದರು. ಅವಳ ಕೆಲಸದ ಮಾತು ಎತ್ತಲಿಲ್ಲ. ಎತ್ತುವ ಮುಖ ಅವರಿಗೂ ಇರಲಿಲ್ಲ.

ಇಬ್ಬರೂ ಗೇಟಿಗೆ ಬಂದಾಗ ಅಕ್ಕ ಲಾರಿಗೆ ಒರಗಿ ನಿಂತಿದ್ದಳು. ಮ್ಯಾನೇಜರ್ ಕಿಟಕಿಯ ಹಾಳೆಯನ್ನು ಉಗುರಿನಿಂದ ಕೆರೆದರು. ಅಂಟು ಗಟ್ಟಿಯಾಗಿತ್ತು, ಹಾಳೆ ಜಗ್ಗಲಿಲ್ಲ.

“ಒಣಗಿಬಿಟ್ಟಿದೆ,” ಎಂದರು, ಯಾರ ಮುಖವನ್ನೂ ನೋಡದೆ. “ನೀರು ಹಾಕಿ ತೆಗೆಸ್ತೀನಿ.”

ಅಕ್ಕ ಮಾವನ ಮೇಜಿನ ಮೇಲಿದ್ದ ಮುದ್ರೆಯನ್ನು ಎತ್ತಿ ಅವರ ಕೈಗೆ ಕೊಟ್ಟಳು.

“ಅಷ್ಟೆಲ್ಲ ಕಷ್ಟ ಯಾಕೆ ಸಾಹೇಬ್ರೇ? ಅದರ ಮೇಲೆ ಇದನ್ನ ಒತ್ತಿಬಿಡಿ. ಇದರ ಕೆಳಗಿರೋದನ್ನ ನಿಮ್ಮಲ್ಲಿ ಯಾರೂ ಓದಲ್ವಲ್ಲ.”