ರೇಟು ಇಳಿಯಲಿ ಅಂತ

ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ ಹೊಲಿಗೆಯಮ್ಮ ಇವತ್ತಿಗೂ ಇಬ್ಬರು ಅನ್ನುತ್ತಾಳೆ. ದೊಡ್ಡವಳು ಸತ್ತು ಮೂರು ವರ್ಷವಾಯಿತು ಅನ್ನುವುದನ್ನು ಕೇಳಿದವರೇ ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು. ಮದುವೆಗೆ ಇನ್ನೇನು ಎರಡು ತಿಂಗಳಿದೆ ಅನ್ನುವಾಗ ಹಾಳು ಜ್ವರ ಮೆದುಳಿಗೇರಿತು, ಆಸ್ಪತ್ರೆಯಿಂದ ಹುಡುಗಿ ವಾಪಸು ಬರಲಿಲ್ಲ. ಮಾಡಿಸಿಟ್ಟ ಚಿನ್ನ ಬೀರುವಿನಲ್ಲೇ ಉಳಿಯಿತು. ಒಂದು ಸರ, ಒಂದು ಜೊತೆ ಓಲೆ, ನಾಲ್ಕು ಬಳೆ.

ಆ ಬಳೆಗಳನ್ನು ದೊಡ್ಡವಳು ಮನೆಯಲ್ಲೇ ಹಾಕಿಕೊಂಡು ಓಡಾಡಿದ್ದಳು. "ಈಗ್ಲೇ ಯಾಕೇ, ಸವೆದುಹೋಗುತ್ತೆ" ಅಂತ ಅಮ್ಮ ಗದರಿದರೆ, "ಅಭ್ಯಾಸ ಮಾಡ್ಕೊಳ್ತಿದ್ದೀನಿ ಕಣಮ್ಮಾ" ಅಂತ ಕೈ ಕುಲುಕಿ ನಗುತ್ತಿದ್ದಳು. ಈಗ ಮಧ್ಯಾಹ್ನದ ಹೊತ್ತು ಮಷೀನು ನಿಲ್ಲಿಸಿ ದಾರ ಪೋಣಿಸುವಾಗ ಒಳಗಿನ ಕೋಣೆಯಿಂದ ಆ ಬಳೆಗಳ ಸದ್ದು ಬರುತ್ತದೆ. ಹೊಲಿಗೆಯಮ್ಮ ಅದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಡಾಕ್ಟರು ಮಾತ್ರೆ ಕೊಡುತ್ತಾರೆ, ಸದ್ದು ನಿಂತುಹೋಗುತ್ತದೆ. ಅದು ಬೇಕಾಗಿತ್ತೇ ಅವಳಿಗೆ?

ಈಗ ಚಿಕ್ಕವಳ ಮದುವೆ ಗೊತ್ತಾಗಿದೆ. ಹೊಲಿಗೆಯಮ್ಮನ ಗಂಡ, ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬರುವವನು, ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದ.

"ನೋಡೇ, ಹೊಸದಾಗಿ ಅಷ್ಟೂ ತಗೊಳ್ಳೋಕೆ ನಮ್ ಕೈಲಿ ಆಗಲ್ಲ. ದೊಡ್ಡವಳದ್ದು ಇದೆಯಲ್ಲ, ಅದನ್ನ ಕೊಟ್ಟು ಬೇರೆ ತಗೊಂಡ್ರೆ..."

"ರೇಟು ಇಳಿಯತ್ತೆ" ಅಂದಳು ಅವಳು. "ಸ್ವಲ್ಪ ತಾಳಿ. ಇಳಿದ ಮೇಲೆ ಹೊಸದೇ ತಗೊಳ್ಳೋಣ."

"ಇಳಿಯತ್ತೆ ಅಂತ ನಿನಗೇನು ಅಂಗಡಿಯವನು ಫೋನ್ ಮಾಡಿ ಹೇಳಿದ್ನಾ?"

"ಏರಿದ್ದು ಇಳೀಲೇಬೇಕಲ್ರೀ."

ಚಿಕ್ಕವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳನ್ನು ಕೇಳಿದರೆ, ಅಕ್ಕನದು ಹಾಗೇ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ, ಕರಗಿಸಿ ಬೇರೆ ಮಾಡಿಸಿದರೆ ಹಾಕಿಕೊಳ್ಳುತ್ತೇನೆ ಅನ್ನುತ್ತಿದ್ದಳು. ಆದರೆ ಅಮ್ಮನ ಮುಖ ನೋಡಿಕೊಂಡು ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

ಹಾಗೆ ಕಾಯುವುದು ಶುರುವಾಯಿತು. ದಿನಾ ಬೆಳಿಗ್ಗೆ ಹೊಲಿಗೆಯಮ್ಮ ಮೊಬೈಲಿನಲ್ಲಿ ರೇಟು ನೋಡುವುದು, ಮುಖ ಸಣ್ಣ ಮಾಡಿಕೊಳ್ಳುವುದು. ಒಂದು ದಿನ ಚೂರು ಇಳಿದರೆ ನಾಳೆ ಇನ್ನೂ ಇಳಿಯಲಿ ಅನ್ನುವಳು, ನಾಳೆ ಅದು ಇಳಿದದ್ದಕ್ಕಿಂತ ಜಾಸ್ತಿ ಏರಿ ಕೂತಿರುವುದು. ದರಿದ್ರದ ರೇಟು, ಮನುಷ್ಯರ ಕಷ್ಟ ಅದಕ್ಕೆಲ್ಲಿ ಅರ್ಥವಾಗಬೇಕು!

ಮಷೀನಿನ ಪಕ್ಕದಲ್ಲಿ ಒಂದು ರೇಡಿಯೋ. ಅದರಲ್ಲಿ ವಾರಕ್ಕೊಮ್ಮೆ ದುಡ್ಡಿನ ವಿಷಯಕ್ಕೆ ಪ್ರಶ್ನೋತ್ತರ, ಜನ ಫೋನ್ ಮಾಡಿ ಕೇಳುತ್ತಾರೆ, ಒಬ್ಬ ಸಲಹೆಗಾರ ಉತ್ತರ ಹೇಳುತ್ತಾನೆ. ಒಂದು ಸಲ ಅವಳೂ ಫೋನ್ ಹಚ್ಚಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಲೈನು ಸಿಕ್ಕಿಬಿಟ್ಟಿತು.

"ಮಗಳ ಮದುವೆ ಸರ್. ಚಿನ್ನ ಈಗ್ಲೇ ತಗೊಳ್ಳೋದಾ, ರೇಟು ಇಳಿಯೋ ತನಕ ಕಾಯೋದಾ?"

"ಅಮ್ಮಾ, ನಾಳೆ ರೇಟು ಏನಾಗತ್ತೆ ಅಂತ ನನಗೂ ಗೊತ್ತಿಲ್ಲ, ಗೊತ್ತು ಅನ್ನೋರನ್ನ ನಂಬಬೇಡಿ" ಅಂದ ಆತ, ನಗುತ್ತಾ. "ಲಾಭಕ್ಕೆ ತಗೊಳ್ಳೋನು ಎಷ್ಟು ದಿನ ಬೇಕಾದ್ರೂ ಕಾಯಬಹುದು. ನಿಮಗೆ ಹಾಗಲ್ಲ, ಮದುವೆ ದಿನ ನಿಂತ್ಕೊಳ್ಳಲ್ಲ. ಒಂದೇ ಸಲಕ್ಕೆ ಬೇಡ, ತಿಂಗಳಿಗಿಷ್ಟು ಅಂತ ತಗೊಳ್ತಾ ಹೋಗಿ, ಏರಿಳಿತ ಸರಿತೂಗತ್ತೆ. ಇಲ್ಲಾಂದ್ರೆ ಅಂಗಡೀಲಿ ಮುಂಗಡ ಕೊಟ್ಟು ಇವತ್ತಿನ ರೇಟು ಹಿಡಿದಿಟ್ಕೊಳ್ಳಿ, ಷರತ್ತು ಮಾತ್ರ ಓದಿ. ಅಂದಹಾಗೆ, ಮನೇಲಿ ಹಳೇ ಚಿನ್ನ ಏನಾದ್ರೂ ಇದೆಯೇನಮ್ಮಾ?"

ಒಳಗಿನ ಕೋಣೆಯಲ್ಲಿ ಬಳೆ ಸದ್ದಾಯಿತು. ಯಾರೋ ಬಾಗಿಲ ಹಿಂದೆ ನಿಂತು, ಏನು ಹೇಳುತ್ತಾಳೋ ಅಂತ ಕಿವಿಗೊಟ್ಟ ಹಾಗೆ.

"ಇಲ್ಲ" ಅಂದಳು ಹೊಲಿಗೆಯಮ್ಮ.

"ಇದ್ದಿದ್ರೆ ಇನ್ನೊಂದು ಒಳ್ಳೇ ದಾರಿ ಇತ್ತು..."

"ಇಲ್ಲ ಸರ್" ಅಂದವಳೇ ಫೋನ್ ಇಟ್ಟಳು, ರೇಡಿಯೋ ಕಿವಿಯನ್ನೂ ತಿರುವಿದಳು. ಒಳ್ಳೇ ದಾರಿಯಂತೆ! ಅವಳ ಮಗಳನ್ನು ಕುಲುಮೆಗೆ ಹಾಕುವ ದಾರಿ ತಾನೇ?

ತಿಂಗಳಿಗಿಷ್ಟು ಅಂತಲೂ ಅವಳು ಕೊಳ್ಳಲಿಲ್ಲ. ಏರಿದ ರೇಟಿಗೆ ಕೊಂಡರೆ ಇದ್ದ ದುಡ್ಡಿಗೆ ಅರ್ಧವೂ ಬರುವುದಿಲ್ಲ, ಉಳಿದರ್ಧಕ್ಕೆ ಗಂಡ ಬೀರುವಿನ ಕಡೆ ನೋಡುತ್ತಾನೆ. ಕಾದಳು. ಕಡೆಗೆ ಮದುವೆಗೆ ಒಂದು ವಾರ ಉಳಿಯಿತು, ರೇಟು ಮಾತ್ರ ಮುಗಿಲು ಮುಟ್ಟಿತ್ತು. ಗಂಡ ಕೂಗಾಡಲಿಲ್ಲ. ಬೀರುವಿನ ಬೀಗದ ಕೈ ಕೇಳಿದ, ಅಷ್ಟೇ. ಅವನ ಕಣ್ಣು ಕೆಂಪಾಗಿತ್ತು. ಅವಳಿಗೆ ಕೊಡದೆ ವಿಧಿಯಿರಲಿಲ್ಲ.

ಚಿನ್ನದಂಗಡಿಯವನು ಮಾತಿನ ಮಲ್ಲ. "ಬನ್ನಿ ಅಕ್ಕಾ, ಅದೃಷ್ಟ ನಿಮ್ದು, ಇವತ್ತು ರೇಟು ಒಂಚೂರು ಇಳಿದಿದೆ" ಅಂದ. ನಾಲಿಗೆ ಕಚ್ಚಿಕೊಂಡು ತಾನೇ ತಿದ್ದಿದ. "ಆದ್ರೆ ನಿಮಗೆ ಇಳಿದ್ರೂ ಒಂದೇ, ಏರಿದ್ರೂ ಒಂದೇ. ಕೊಡೋ ಚಿನ್ನಕ್ಕೂ ಇವತ್ತಿನ ರೇಟು, ತಗೊಳ್ಳೋ ಚಿನ್ನಕ್ಕೂ ಇವತ್ತಿನ ರೇಟು. ಕರಗಿಸಿದಾಗ ಹೋಗೋದು, ಮಜೂರಿ, ತೆರಿಗೆ, ಇಷ್ಟು ನಿಮ್ಮ ಮೇಲೆ ಬೀಳತ್ತೆ. ಚಿನ್ನಕ್ಕೆ ಚಿನ್ನ, ನಷ್ಟ ಎಲ್ಲಿಂದ ಬಂತು?"

ಸರ, ಓಲೆಗಳ ಜೊತೆ ಬಳೆಗಳನ್ನೂ ಗಾಜಿನ ಕಿಟಕಿಯಾಚೆಯ ಕೋಣೆಗೆ ಒಯ್ದರು. ಗಿರಾಕಿಯ ಎದುರಿಗೇ ಕರಗಿಸುವುದು ಆ ಅಂಗಡಿಯ ಪದ್ಧತಿ. ಗಂಡ ಬೇರೆ ಕಡೆ ತಿರುಗಿ ನಿಂತ. ಹೊಲಿಗೆಯಮ್ಮ ನೋಡಿದಳು, ರೆಪ್ಪೆ ಮಿಟುಕಿಸದೆ ನೋಡಿದಳು. ಬಳೆಗಳು ಒಂದಕ್ಕೊಂದು ಒರಗಿದವು, ಕೆಂಪಗಾದವು, ಆಮೇಲೆ ಬಳೆಗಳೇ ಇರಲಿಲ್ಲ. ಆರಿಸಿ ಹೊರಗೆ ತಂದದ್ದು ಹೆಬ್ಬೆರಳಿನಷ್ಟು ಗಟ್ಟಿ.

ಹೊಲಿಗೆಯಮ್ಮ ಆ ಗಟ್ಟಿಯ ಕಡೆ ಕೈ ತೋರಿಸಿದಳು. "ಇದೇ ಚಿನ್ನದಲ್ಲಿ ಮಾಡಿಕೊಡಿ. ಇದೇ ಆಗಬೇಕು. ನಮ್ಮ ಚಿಕ್ಕವಳ ಕೈಯಲ್ಲಿ ಇದೇ ಇರ್ಲಿ."

ಅಂಗಡಿಯವನ ನಗು ಮಾಯವಾಯಿತು. "ಅಯ್ಯೋ ಅಕ್ಕಾ, ಇಲ್ಲಿ ಹಾಗಾಗಲ್ಲ. ಇದು ಶುದ್ಧ ಮಾಡೋ ಕಾರ್ಖಾನೆಗೆ ಹೋಗತ್ತೆ, ನೀವು ಈ ಗಾಜಿನ ಪೆಟ್ಟಿಗೇಲಿರೋ ರೆಡಿ ಮಾಲು ತಗೋಬೇಕು. ಇದರಲ್ಲೇ ಬೇಕು ಅಂದಿದ್ರೆ ಅಕ್ಕಸಾಲಿಗನ ಹತ್ರ ಹೋಗಬೇಕಿತ್ತು. ನಿಮ್ಮ ಕಣ್ಣೆದುರೇ ಕರಗಿಸಿ, ಅದರಲ್ಲೇ ಹೊಸದು ಮಾಡಿಕೊಡ್ತಾನೆ. ಆದ್ರೆ ಅವನಿಗೆ ತಿಂಗಳಾದ್ರೂ ಬೇಕು. ವಾರದಲ್ಲಿ ಯಾರೂ ಒಪ್ಪಲ್ಲ. ಇಷ್ಟು ದಿನ ಏನ್ ಮಾಡ್ತಿದ್ರಿ?"

"ರೇಟು ಇಳಿಯಲಿ ಅಂತ ಕಾಯ್ತಿದ್ಲು" ಅಂದ ಗಂಡ.

ಅವಳಿಗೆ ಆಗ ಹೊಳೆಯಿತು. ರೇಡಿಯೋದವನು ಹೇಳಲು ಹೊರಟಿದ್ದ ದಾರಿ ಇದೇ ಇರಬಹುದಿತ್ತು. ಒಂದೇ ಒಂದು ಸಲ 'ಇದೆ' ಅಂದಿದ್ದರೆ ದೊಡ್ಡವಳು ಚಿಕ್ಕವಳ ಕೈಯಲ್ಲಿ ಇರುತ್ತಿದ್ದಳು. ಬಿಟ್ಟುಕೊಡಬಾರದು ಅಂತ ಹಟ ಹಿಡಿದು ಕಾದೂ ಕಾದೂ, ತಾನೇ ಕೈಯಾರೆ ಕಳೆದಳು.

"ಕಾರ್ಖಾನೆಯಿಂದ ಎಲ್ಲಿಗೆ ಹೋಗತ್ತೆ?" ಅಂತ ಕೇಳಿದಳು.

"ಎಲ್ಲರದ್ದೂ ಸೇರಿಸಿ ಕರಗಿಸ್ತಾರೆ ಅಕ್ಕಾ. ಆಮೇಲೆ ಹೊಸ ಒಡವೆ ಆಗಿ ಯಾರ್ಯಾರ ಮನೆಗೋ ಹೋಗತ್ತೆ. ಅದಕ್ಕೆಲ್ಲ ಲೆಕ್ಕ ಇಡೋಕಾಗತ್ತಾ?"

ಚಿಕ್ಕವಳ ಮದುವೆ ಚೆನ್ನಾಗಿಯೇ ಆಯಿತು, ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಹೊಲಿಗೆಯಮ್ಮ ನಕ್ಕಳು, ಬಂದವರನ್ನು ಮಾತಾಡಿಸಿದಳು. ಆಮೇಲಿನ ಮಧ್ಯಾಹ್ನಗಳಲ್ಲಿ ಮಷೀನು ನಿಂತರೆ ಒಳಗಿನ ಕೋಣೆ ಸುಮ್ಮನಿರುತ್ತಿತ್ತು. ಆ ಮೌನ ತಾಳಲಾರದೆ ಅವಳು ದಾರ ತರುವ ನೆಪ, ಗುಂಡಿ ತರುವ ನೆಪ ಮಾಡಿಕೊಂಡು ಪೇಟೆಗೆ ಹೊರಡುವುದನ್ನು ಕಲಿತಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಹೆಂಗಸರ ಕೈಗಳನ್ನು ಒಂದೊಂದಾಗಿ ನೋಡುತ್ತಾಳೆ. ಹಳೆಯ ಬಳೆಯಾದರೆ ಕಣ್ಣು ಮುಂದೆ ಹೋಗುತ್ತದೆ, ಹೊಸದಾದರೆ ಅಲ್ಲೇ ನಿಲ್ಲುತ್ತದೆ.

ಮೊನ್ನೆ ಒಬ್ಬ ಹುಡುಗಿ ಪಕ್ಕದಲ್ಲೇ ಬಂದು ಕೂತಳು. ಮದುವೆಯಾದ ಹೊಸತು ಇರಬೇಕು, ಕೈತುಂಬ ಹೊಳೆಯುವ ಬಳೆ. ಹೊಲಿಗೆಯಮ್ಮ ನೋಡುತ್ತಲೇ ಇದ್ದಳು. ಹುಡುಗಿ ಮುಜುಗರಪಟ್ಟು ಕೇಳಿದಳು.

"ಯಾಕಮ್ಮಾ ಹಾಗೆ ನೋಡ್ತೀರಾ? ನನ್ನ ಪರಿಚಯ ಇದೆಯಾ ನಿಮಗೆ?"

"ಅವರ ಮನೇಲಿ ನಿನ್ನ ಚೆನ್ನಾಗಿ ನೋಡ್ಕೊಳ್ತಾರಾ ಮಗಳೇ?" ಅಂದಳು ಹೊಲಿಗೆಯಮ್ಮ, ಬಳೆಗಳಿಂದ ಕಣ್ಣು ತೆಗೆಯದೆ.